ಕೂಲಿಂಗ್ ಗ್ಲಾಸ್ ಅಂಟಿಸಿದಂತೆ ಕಾಣುತ್ತಿದೆ: ಗಾಜಿನೊಳಗಿನ ಬಿಂಬ ಮತ್ತು ಕೆನ್ನೆಯ ಮೇಲಿನ ನೆರಳಿನ ಬಗ್ಗೆ ಸಲಹೆ ಬೇಕು

ಹುಬ್ಬಳ್ಳಿ ಫ್ಲೆಕ್ಸ್

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ನಮ್ಮದೊಂದು ಫ್ಲೆಕ್ಸ್ ಮುದ್ರಣದ ಅಂಗಡಿಯಿದೆ. ಹುಟ್ಟುಹಬ್ಬದ ಬ್ಯಾನರಿಗೆಂದು ಗಿರಾಕಿಯೊಬ್ಬರು ತಮ್ಮ ಫೋಟೊ ಕೊಟ್ಟಿದ್ದಾರೆ. ಉಣಕಲ್ ಕೆರೆಯ ದಂಡೆಯ ಮೇಲೆ, ಕೆರೆಗೆ ಬೆನ್ನು ಮಾಡಿ ನಿಂತಿದ್ದಾರೆ. ಹಿಂದೆ ನೀರು, ನೀರಿನ ನಡುವೆ ವಿವೇಕಾನಂದರ ಪುತ್ಥಳಿ ಚೆನ್ನಾಗಿ ಬಂದಿವೆ. ಅಂದು ಅವರು ಕೂಲಿಂಗ್ ಗ್ಲಾಸನ್ನು ಮನೆಯಲ್ಲಿಯೇ ಮರೆತು ಹೋಗಿದ್ದರಂತೆ. ಈಗ ಬ್ಯಾನರಿನಲ್ಲಿ ಅದು ಇರಲೇಬೇಕೆಂದು ಹಟ ಹಿಡಿದಿದ್ದಾರೆ. ಬ್ಯಾನರು ಆರು ಅಡಿಗೆ ನಾಲ್ಕು ಅಡಿ, ಅದರಲ್ಲಿ ಮುಖವೇ ಎರಡು ಅಡಿಯಷ್ಟು ಬರುತ್ತದೆ. ಹೀಗಾಗಿ ಸಣ್ಣ ತಪ್ಪೂ ರಸ್ತೆಯ ಆಚೆಯಿಂದ ಕಾಣುತ್ತದೆ.

ನಾನು ಮಾಡಿದ್ದು ಇಷ್ಟು. ನೇರವಾಗಿ ತೆಗೆದ ಒಂದು ಕಪ್ಪು ಕನ್ನಡಕದ ಚಿತ್ರವನ್ನು ಕಣ್ಣುಗಳ ಮೇಲೆ ಕೂರಿಸಿ, ಅದೇ ಫೋಟೊದ ಹಿನ್ನೆಲೆಯನ್ನು, ಅಂದರೆ ಕೆರೆ ಮತ್ತು ಪುತ್ಥಳಿಯನ್ನು, ತಿರುವಿ ಎರಡೂ ಗಾಜಿನೊಳಗೆ ಐವತ್ತು ಪ್ರತಿಶತ ಅಪಾರದರ್ಶಕತೆಯಲ್ಲಿ ಇಟ್ಟೆ. ಕೆಳಗೆ Drop Shadow ಕೊಟ್ಟೆ. ಎಲ್ಲವೂ ಇದೆ, ಆದರೂ ಕ್ಯಾಲೆಂಡರಿನಲ್ಲಿರುವ ದೇವರಿಗೆ ಮಕ್ಕಳು ಪೆನ್ನಿನಿಂದ ಮೀಸೆ ಬರೆದ ಹಾಗೆ ಕಾಣುತ್ತಿದೆ. ಎಲ್ಲಿ ತಪ್ಪಿದ್ದೇನೆ?

ಹಾವೇರಿ ಡಿಸೈನ್

ನಿಮ್ಮ ನೆರಳು ಬಹಳ ಗಟ್ಟಿಯಾಗಿರಬಹುದು. ಮುಖದ ಮೇಲಿನ ನೆರಳನ್ನು ಯಾವಾಗಲೂ ಇಪ್ಪತ್ತು ಪಿಕ್ಸೆಲ್ಲಿನಷ್ಟಾದರೂ ಬ್ಲರ್ ಮಾಡಬೇಕು, ಇಲ್ಲವಾದರೆ ಕತ್ತರಿಸಿ ಅಂಟಿಸಿದಂತೆ ಕಾಣುವುದು ಸಹಜ. ಇನ್ನು ಬಿಂಬದ ವಿಷಯಕ್ಕೆ ಬಂದರೆ, ಒಂದು ಗಾಜನ್ನು ಚೆನ್ನಾಗಿ ಮಾಡಿ, ಅದನ್ನೇ Flip Horizontal ಕೊಟ್ಟು ಎರಡನೆಯದಕ್ಕೆ ಬಳಸಿರಿ. ಎರಡೂ ಕಡೆ ಸಮನಾಗಿ ಬರುತ್ತದೆ. ಒಂದು ಮೂಲೆಯಲ್ಲಿ ನಕ್ಷತ್ರದಂತಹ ಹೊಳಪು ಇಟ್ಟರೆ ಮುಗಿಯಿತು. ನಾನು ವರ್ಷಕ್ಕೆ ಏನಿಲ್ಲವೆಂದರೂ ಐವತ್ತು ಬ್ಯಾನರುಗಳಲ್ಲಿ ಹೀಗೆಯೇ ಮಾಡುತ್ತೇನೆ, ಯಾರೂ ತಕರಾರು ಮಾಡಿಲ್ಲ.

ಗದಗ ಸ್ಟುಡಿಯೊ

ಹಾವೇರಿಯವರು ಸಿಟ್ಟಾಗಬಾರದು, ಅವರು ಹೇಳಿದ ಮೂರರಲ್ಲಿ ಎರಡು ತಪ್ಪು, ಒಂದು ಅರ್ಧ ಸರಿ. ಆದರೆ ಮೊದಲು ಪ್ರಶ್ನೆ ಕೇಳಿದವರ ದೊಡ್ಡ ತಪ್ಪನ್ನು ಹೇಳಿಬಿಡುತ್ತೇನೆ.

ಯಜಮಾನರೇ, ಪುತ್ಥಳಿ ಅವರ ಬೆನ್ನ ಹಿಂದಿದೆ. ಬೆನ್ನ ಹಿಂದಿರುವುದು ಅವರು ಹಾಕಿಕೊಂಡ ಕನ್ನಡಕದಲ್ಲಿ ಹೇಗೆ ಬಿಂಬಿಸೀತು? ಗಾಜು ಎದುರಿಗಿರುವುದನ್ನು ತೋರಿಸುತ್ತದೆ, ಎಂದರೆ ಫೋಟೊ ತೆಗೆದವನನ್ನು, ಅವನ ಹಿಂದಿನ ದಾರಿಯನ್ನು, ಗಿಡಗಳನ್ನು, ಆ ಕಡೆಯ ಆಕಾಶವನ್ನು. ಅದು ನಿಮ್ಮ ಫೋಟೊದಲ್ಲಿ ಎಲ್ಲಿಯೂ ಇಲ್ಲ. ಇರುವುದು ಒಂದೇ ಕಡೆ, ಆ ಗಿರಾಕಿಯ ಕಣ್ಣಿನ ಪಾಪೆಯಲ್ಲಿ. ಕನ್ನಡಕ ಹಾಕುವ ಮೊದಲು ಕಣ್ಣನ್ನು ಐದಾರು ಪಟ್ಟು ಹಿಗ್ಗಿಸಿ ನೋಡಿರಿ. ಕಣ್ಣಿನ ಮುಂಭಾಗವೂ ಉಬ್ಬುಗನ್ನಡಿಯೇ ಆದ್ದರಿಂದ ಅದರಲ್ಲಿ ಮೇಲೆ ಬೆಳ್ಳಗಿನ ಆಕಾಶದ ಪಟ್ಟಿ, ನಡುವೆ ಗಿಡಗಳ ಕಪ್ಪು ಗೆರೆ, ಮಧ್ಯದಲ್ಲಿ ಚುಕ್ಕೆಯಂತೆ ನಿಂತ ಫೋಟೊಗ್ರಾಫರ್ ಕಾಣಬೇಕು. ಅದನ್ನು ಹಿಗ್ಗಿಸಿ ಬಳಸುವಷ್ಟು ಪಿಕ್ಸೆಲ್ ಅಲ್ಲಿ ಇರುವುದಿಲ್ಲ, ಆದರೆ ಎಲ್ಲಿ ಬೆಳಕಿದೆ, ಎಲ್ಲಿ ಕತ್ತಲಿದೆ ಎಂಬ ನಕ್ಷೆ ಸಿಗುತ್ತದೆ. ನೋಡಿ ಹೇಳಿರಿ. ಜೊತೆಗೆ ಫೋಟೊ ಯಾವ ಹೊತ್ತಿನಲ್ಲಿ ತೆಗೆದದ್ದು, ಎಷ್ಟು ದೂರದಿಂದ ಎಂಬುದೂ ಬೇಕು.

ಬ್ಯಾಡಗಿ ಫೋಟೊ

ಒಳ್ಳೆಯ ವಿಷಯ ಎತ್ತಿದ್ದೀರಿ. ನನಗೂ ಇದೇ ಸಮಸ್ಯೆ. ಪಾಸ್‌ಪೋರ್ಟ್ ಫೋಟೊ ತೆಗೆಸಲು ಬರುವ ಹಿರಿಯರ ಕನ್ನಡಕದಲ್ಲಿ ನನ್ನ ಸ್ಟುಡಿಯೊದ ಎರಡೂ ಛತ್ರಿಗಳು ಬೆಳ್ಳಗೆ ಬಿಂಬಿಸುತ್ತವೆ. ಆ ಬಿಂಬವನ್ನು ಅಳಿಸಿ ಒಳಗಿನ ಕಣ್ಣನ್ನು ಕಾಣಿಸುವುದು ಹೇಗೆ? ಕಳೆದ ವಾರ ನಮ್ಮ ಮಾವನವರದೇ ಫೋಟೊದಲ್ಲಿ ಒಂದು ಕಣ್ಣು ಪೂರ್ತಿ ಬೆಳ್ಳಗಾಗಿ, ಅವರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ.

ಗದಗ ಸ್ಟುಡಿಯೊ

ಬ್ಯಾಡಗಿಯವರೇ, ಇಲ್ಲಿ ಬಿಂಬವನ್ನು ಸೇರಿಸುವ ಮಾತು ನಡೆದಿದೆ, ನೀವು ತೆಗೆಯುವುದನ್ನು ಕೇಳುತ್ತಿದ್ದೀರಿ. ಫೋಟೊ ತೆಗೆಯುವಾಗಲೇ ಛತ್ರಿಗಳನ್ನು ಇನ್ನೂ ಎತ್ತರಕ್ಕೆ ಸರಿಸಿ, ಮಾವನವರಿಗೆ ಗದ್ದವನ್ನು ಒಂದಿಷ್ಟು ತಗ್ಗಿಸಲು ಹೇಳಿರಿ. ಬಿಂಬ ಮೇಲಕ್ಕೆ ಜಾರಿ ಹೋಗುತ್ತದೆ. ಉಳಿದದ್ದಕ್ಕೆ ಬೇರೆ ಚರ್ಚೆ ತೆರೆಯುವುದು ಒಳ್ಳೆಯದು.

ಹುಬ್ಬಳ್ಳಿ ಫ್ಲೆಕ್ಸ್

ಗದಗದವರು ಹೇಳಿದಂತೆ ಕಣ್ಣನ್ನು ಹಿಗ್ಗಿಸಿ ನೋಡಿದೆ, ನಿಜವಾಗಿಯೂ ಬೆರಗಾಯಿತು. ಮೇಲೆ ಬೆಳ್ಳಗಿದೆ, ಅದರ ಕೆಳಗೆ ಹಲ್ಲುಹಲ್ಲಾದ ಕಪ್ಪು ಗೆರೆಯಿದೆ, ನಡುವೆ ಒಬ್ಬ ಮನುಷ್ಯನ ಆಕಾರವಿದೆ. ವಿಚಾರಿಸಿದಾಗ ಫೋಟೊ ತೆಗೆದದ್ದು ಗಿರಾಕಿಯ ಅಳಿಯ ಎಂದು ತಿಳಿಯಿತು. ಸುಮಾರು ಮೂರು ಮೀಟರ್ ದೂರದಲ್ಲಿ ನಿಂತಿದ್ದನಂತೆ. ಫೆಬ್ರುವರಿಯ ಎರಡನೆಯ ವಾರ, ಸಂಜೆ ನಾಲ್ಕು ಗಂಟೆಯ ಹೊತ್ತು. ಬಿಸಿಲು ನೇರವಾಗಿ ಮುಖಕ್ಕೆ ಬಿದ್ದಿದೆ. ಫೋಟೊದಲ್ಲಿ ನೋಡುವಾಗ ಬೆಳಕು ಎಡಗಡೆ ಮೇಲಿನಿಂದ ಬರುತ್ತಿದೆ, ಮೂಗಿನ ನೆರಳು ಬಲಗಡೆಗೆ ಕೆಳಗೆ ಬಿದ್ದಿದೆ.

ಕನ್ನಡಕ ಎಷ್ಟು ದೊಡ್ಡದಿರಬೇಕು ಎಂಬುದೂ ನನಗೆ ಅಂದಾಜಾಗುತ್ತಿಲ್ಲ. ಗಿರಾಕಿಯ ಸ್ವಂತ ಕನ್ನಡಕವನ್ನು ತರಿಸಿಕೊಂಡಿದ್ದೇನೆ. ಅದರ ಕಡ್ಡಿಯ ಒಳಗಡೆ 55□17 140 ಎಂದು ಬರೆದಿದೆ.

ಧಾರವಾಡ ಚಸ್ಮಾ

ನಾನು ಧಾರವಾಡದಲ್ಲಿ ಕನ್ನಡಕದ ಅಂಗಡಿ ನಡೆಸುತ್ತೇನೆ, ಫೋಟೊ ತಿದ್ದುವ ಕೆಲಸ ನನಗೆ ಬಾರದು. ಆದರೆ ಆ ಅಂಕೆಗಳನ್ನು ಓದಿ ಹೇಳಬಲ್ಲೆ. ಒಂದು ಗಾಜಿನ ಅಗಲ 55 ಮಿಲಿಮೀಟರ್, ಎರಡರ ನಡುವಿನ ಮೂಗಿನ ಸೇತುವೆ 17, ಕಡ್ಡಿಯ ಉದ್ದ 140. ಎಂದರೆ ಒಂದು ಗಾಜಿನ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ 127 ಮಿಲಿಮೀಟರ್ ಆಗುತ್ತದೆ.

ಫೋಟೊದಲ್ಲಿ ಅಳತೆ ಹಿಡಿಯಲು ಕಣ್ಣಿನ ಬಣ್ಣದ ಬಿಲ್ಲೆಯನ್ನೇ ಮಾಪಕವಾಗಿ ಬಳಸಿರಿ. ದೊಡ್ಡವರಲ್ಲಿ ಅದರ ಅಡ್ಡಳತೆ ಸುಮಾರು 11.7 ಮಿಲಿಮೀಟರ್ ಇರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಕಣ್ಣು ಅರ್ಧ ಮುಚ್ಚಿದ್ದರೂ ಅಡ್ಡಲಾಗಿ ಅಳೆಯಬಹುದು.

ಇನ್ನೊಂದು ಮಾತು. ಕೂಲಿಂಗ್ ಗ್ಲಾಸು ಚಪ್ಪಟೆಯಾಗಿರುವುದಿಲ್ಲ, ಉಬ್ಬಾಗಿರುತ್ತದೆ. ನಾವು ಅದನ್ನು ಬೇಸ್ ಎಂದು ಎಣಿಸುತ್ತೇವೆ. ಸಾಮಾನ್ಯವಾಗಿ ಸಿಗುವ ಆರು ಬೇಸಿನ ಗಾಜಿನ ವಕ್ರತೆಯ ತ್ರಿಜ್ಯ ಸುಮಾರು 88 ಮಿಲಿಮೀಟರ್. ಕಿವಿಯವರೆಗೆ ಸುತ್ತಿಕೊಳ್ಳುವ ಎಂಟು ಬೇಸಿನದ್ದು ಸುಮಾರು 66. ನಿಮ್ಮ ಕೈಯಲ್ಲಿರುವುದನ್ನು ಮೇಜಿನ ಮೇಲೆ ಬೋರಲಾಗಿಟ್ಟು ನೋಡಿರಿ. ಮಂದವಾಗಿ ಉಬ್ಬಿದ್ದರೆ ಆರು ಎಂದು ಹಿಡಿಯಬಹುದು. ಅಲ್ಲದೆ ಕನ್ನಡಕ ಮುಖದ ಮೇಲೆ ನೆಟ್ಟಗೆ ನಿಲ್ಲುವುದಿಲ್ಲ, ಅದರ ಕೆಳ ಅಂಚು ಕೆನ್ನೆಯ ಕಡೆಗೆ ಎಂಟು ಹತ್ತು ಡಿಗ್ರಿ ಬಾಗಿರುತ್ತದೆ. ನಾವೇ ಕೂರಿಸುವಾಗ ಹಾಗೆ ಬಗ್ಗಿಸುತ್ತೇವೆ.

ವಿದ್ಯಾನಗರ ವಿದ್ಯಾರ್ಥಿ

ಅಕ್ಕಾವರು ಕೊಟ್ಟ 88 ಎಂಬ ಅಂಕೆಯಿಂದ ಬಹಳಷ್ಟು ತಿಳಿಯುತ್ತದೆ. ನಾನು ಲೆಕ್ಕ ಮಾಡಿ ನೋಡಿದೆ. 55 ಮಿಲಿಮೀಟರ್ ಅಗಲದ ಗಾಜು ಎದುರಿನ ದೃಶ್ಯದಲ್ಲಿ ಅಡ್ಡಲಾಗಿ ಸುಮಾರು 73 ಡಿಗ್ರಿಯನ್ನು ತೋರಿಸುತ್ತದೆ. 35 ಮಿಲಿಮೀಟರ್ ಫಿಲ್ಮಿನ ಕ್ಯಾಮೆರಾಕ್ಕೆ 24 ಮಿಲಿಮೀಟರ್ ಲೆನ್ಸ್ ಹಾಕಿ ಅಡ್ಡಲಾಗಿ ಹಿಡಿದರೆ ಕಾಣುವುದೂ ಹೆಚ್ಚುಕಡಿಮೆ ಇಷ್ಟೇ, ಈಗಿನ ಅನೇಕ ಮೊಬೈಲುಗಳ ಮುಖ್ಯ ಕ್ಯಾಮೆರಾ ಕೂಡ ಇದರ ಆಸುಪಾಸಿನಲ್ಲಿದೆ. ಆದ್ದರಿಂದ ಗಿರಾಕಿ ನಿಂತ ಜಾಗದಲ್ಲಿಯೇ ನಿಂತು, ಅವರ ಕಣ್ಣಿನ ಎತ್ತರದಲ್ಲಿ ಮೊಬೈಲನ್ನು ಅಡ್ಡಲಾಗಿ ಹಿಡಿದು, ಅಳಿಯ ನಿಂತಿದ್ದ ಕಡೆಗೆ ಒಂದು ಫೋಟೊ ತೆಗೆದರೆ ಗಾಜಿನೊಳಗೆ ಬೇಕಾದ ದೃಶ್ಯ ಪೂರ್ತಿಯಾಗಿ ಸಿಕ್ಕಿಬಿಡುತ್ತದೆ.

ಅಳಿಯನ ಗಾತ್ರವನ್ನೂ ಎಣಿಸಿದೆ. ಮೂರು ಮೀಟರ್ ದೂರದಲ್ಲಿ ನಿಂತ ಒಂದು ಮೀಟರ್ ಎಪ್ಪತ್ತು ಸೆಂಟಿಮೀಟರ್ ಎತ್ತರದ ಮನುಷ್ಯ ಈ ಗಾಜಿನಲ್ಲಿ ಸುಮಾರು 25 ಮಿಲಿಮೀಟರ್ ಎತ್ತರಕ್ಕೆ ಕಾಣುತ್ತಾನೆ. ಗಾಜಿನ ಎತ್ತರವೇ ನಲವತ್ತೆರಡರಷ್ಟು ಇರುವುದರಿಂದ ಅವನು ಚುಕ್ಕೆಯಲ್ಲ, ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿಯುತ್ತಾನೆ.

ಮೂರು ಆಯಾಮದ ಬ್ಲೆಂಡರ್ ತಂತ್ರಾಂಶದಲ್ಲಿ ಕನ್ನಡಕವನ್ನೇ ರೂಪಿಸಿ ಸುತ್ತಲಿನ ದೃಶ್ಯವನ್ನು ಕೊಟ್ಟರೆ ಇವೆಲ್ಲವೂ ತಾನಾಗಿಯೇ ಬರುತ್ತವೆ ಎಂಬುದನ್ನೂ ಹೇಳಬಯಸುತ್ತೇನೆ.

ಗದಗ ಸ್ಟುಡಿಯೊ

ತಮ್ಮಾ, ಬ್ಲೆಂಡರ್ ಕಲಿತವರಿಗೆ ಅದೇ ಸರಿ. ಆದರೆ ಇವರಿಗೆ ಬ್ಯಾನರು ನಾಡಿದ್ದು ಕಟ್ಟಬೇಕಾಗಿದೆ. ನಿನ್ನ ಲೆಕ್ಕ ಮಾತ್ರ ಬಹಳ ಉಪಯೋಗದ್ದು.

ಹುಬ್ಬಳ್ಳಿಯವರೇ, ಉಣಕಲ್ ನಿಮಗೆ ದೂರವಲ್ಲ. ಚಿಗರಿ ಬಸ್ಸು ಹತ್ತಿ ಸಂಜೆ ನಾಲ್ಕಕ್ಕೆ ಅಲ್ಲಿಗೆ ಹೋಗಿರಿ. ಜೊತೆಗೆ ಯಾರನ್ನಾದರೂ ಕರೆದೊಯ್ದು ಅಳಿಯನ ಜಾಗದಲ್ಲಿ, ಮುಖದ ಮುಂದೆ ಮೊಬೈಲು ಹಿಡಿದು, ಮೂರು ಮೀಟರ್ ದೂರದಲ್ಲಿ ನಿಲ್ಲಿಸಿರಿ. ಒಂದಲ್ಲ, ಎರಡು ಫೋಟೊ ತೆಗೆಯಬೇಕು. ಕನ್ನಡಕದ ಎರಡು ಗಾಜುಗಳೂ ಒಂದೇ ದಿಕ್ಕಿಗೆ ಮುಖ ಮಾಡಿರುವುದಿಲ್ಲ. ಮುಖದ ಸುತ್ತು ಹಿಡಿದು ಪ್ರತಿಯೊಂದೂ ಹೊರಗಡೆಗೆ ಐದು ಡಿಗ್ರಿಯಷ್ಟು ತಿರುಗಿರುತ್ತದೆ, ಬಿಂಬದಲ್ಲಿ ಅದು ದುಪ್ಪಟ್ಟಾಗಿ ಹತ್ತು ಡಿಗ್ರಿ ಆಗುತ್ತದೆ. ಆದ್ದರಿಂದ ಬಲಗಾಜಿಗೆ ಒಂದಿಷ್ಟು ಬಲಕ್ಕೆ ತಿರುಗಿ ಒಂದು, ಎಡಗಾಜಿಗೆ ಎಡಕ್ಕೆ ತಿರುಗಿ ಒಂದು ತೆಗೆಯಿರಿ. ಆಮೇಲೆ ಎರಡನ್ನೂ Flip Horizontal ಮಾಡಬೇಕು, ಏಕೆಂದರೆ ಕನ್ನಡಿಯಲ್ಲಿ ಎಡಬಲ ಅದಲುಬದಲಾಗುತ್ತದೆ.

ಹೀಗೆ ಮಾಡಿದಾಗ ಅಳಿಯನು ಎರಡೂ ಗಾಜಿನಲ್ಲಿ ನಡುವಿನಿಂದ ಮೂಗಿನ ಕಡೆಗೆ ಸರಿದು ನಿಲ್ಲುತ್ತಾನೆ, ಒಂದು ಗಿಡ ಎಡಗಡೆಗೆ ಇದ್ದರೆ ಎರಡೂ ಗಾಜಿನಲ್ಲಿ ಅವನ ಎಡಗಡೆಗೇ ಇರುತ್ತದೆ. ಹಾವೇರಿಯವರು ಹೇಳಿದಂತೆ ಒಂದನ್ನು ತಿರುವಿ ಇನ್ನೊಂದು ಮಾಡಿದರೆ ಅದೇ ಗಿಡ ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಬಂದು, ಜಗತ್ತಿನಲ್ಲಿ ಎರಡು ಗಿಡಗಳಿದ್ದಂತಾಗುತ್ತದೆ. ನೋಡುವವನಿಗೆ ಕಾರಣ ಹೇಳಲು ಬಾರದಿದ್ದರೂ ಎಲ್ಲೋ ಸುಳ್ಳಿದೆ ಎಂದು ಅನಿಸುತ್ತದೆ.

ದಿಗಂತದ ಗೆರೆಯ ವಿಷಯದಲ್ಲಿ ಹುಷಾರಾಗಿರಿ. ಅಕ್ಕಾವರು ಹೇಳಿದ ಆ ಎಂಟು ಡಿಗ್ರಿ ಬಾಗುವಿಕೆಯಿಂದಾಗಿ, ತಲೆ ನೆಟ್ಟಗಿರುವವರ ಕನ್ನಡಕದಲ್ಲಿ ದಿಗಂತ ಗಾಜಿನ ನಡುವೆ ಬರುವುದಿಲ್ಲ, ನಡುವಿನಿಂದ ಹನ್ನೆರಡು ಮಿಲಿಮೀಟರ್ ಮೇಲೆ ಬರುತ್ತದೆ. ಗಾಜಿನ ಬಹುಭಾಗ ನೆಲವೇ ಇರುತ್ತದೆ, ಆಕಾಶ ಮೇಲೆ ಒಂದು ಪಟ್ಟಿ ಮಾತ್ರ. ಜನ ಗಾಜಿನ ತುಂಬ ಮೋಡ ತುಂಬಿಸುತ್ತಾರೆ. ಅದು ಮಲಗಿದವನ ಕನ್ನಡಕ.

ಹುಬ್ಬಳ್ಳಿ ಫ್ಲೆಕ್ಸ್

ಸರ್, ನಮ್ಮ ಗಿರಾಕಿ ಬ್ಯಾನರಿಗೆಂದೇ ನಿಂತವರು. ಗತ್ತಿನಿಂದ ಗದ್ದ ಎತ್ತಿದ್ದಾರೆ.

ಗದಗ ಸ್ಟುಡಿಯೊ

ಹಾಗಿದ್ದರೆ ಲೆಕ್ಕ ಬದಲಾಗುತ್ತದೆ. ಗದ್ದ ಎಂಟು ಡಿಗ್ರಿಯಷ್ಟು ಎತ್ತಿದ್ದರೆ ಗಾಜು ನೆಟ್ಟಗಾಗಿ ದಿಗಂತ ನಡುವಿಗೆ ಇಳಿಯುತ್ತದೆ. ಎಷ್ಟು ಎತ್ತಿದ್ದಾರೆಂದು ಫೋಟೊದಿಂದ ಕರಾರುವಾಕ್ಕಾಗಿ ಹೇಳಲು ಬಾರದು. ಗಿರಾಕಿಗೇ ಅದೇ ಗತ್ತಿನಲ್ಲಿ ಕನ್ನಡಕ ಹಾಕಿಸಿ, ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿ, ಕಣ್ಣಿನ ಎತ್ತರದಿಂದ ಒಂದು ಫೋಟೊ ತೆಗೆದುಕೊಳ್ಳಿರಿ. ನಿಮ್ಮ ಕ್ಯಾಮೆರಾ ಗಾಜಿನಲ್ಲಿ ಎಷ್ಟು ಎತ್ತರಕ್ಕೆ ಕಾಣುತ್ತದೆಯೋ ಅಲ್ಲಿಯೇ ದಿಗಂತ. ಲೆಕ್ಕಕ್ಕಿಂತ ಇದು ನಂಬಿಗಸ್ತ.

ನಕ್ಷತ್ರದ ಹೊಳಪಿನ ಮಾತಿಗೂ ಇಲ್ಲಿಯೇ ಉತ್ತರವಿದೆ. ದಿಗಂತ ನಡುವೆ ಇದ್ದರೂ ಈ ಗಾಜು ಮೇಲಕ್ಕೆ ಇಪ್ಪತ್ತೆಂಟು ಡಿಗ್ರಿಯಾಚೆ ಏನನ್ನೂ ತೋರಿಸಲಾರದು. ಸೂರ್ಯ ಅದಕ್ಕಿಂತ ಮೇಲಿದ್ದರೆ ಗಾಜಿನ ಮೇಲೆ ಹೊಳಪು ಬರುವುದೇ ಇಲ್ಲ. ಆ ಹೊಳಪು ಎಲ್ಲಿ ಬರುತ್ತದೆ ಎಂದರೆ ಫ್ರೇಮಿನ ದುಂಡನೆಯ ಅಂಚಿನ ಮೇಲೆ, ಬೆಳಕು ಬರುವ ಕಡೆಗೆ, ಎರಡು ಮೂರು ಪಿಕ್ಸೆಲ್ಲಿನ ಒಂದು ಬಿಳಿ ಎಳೆಯಾಗಿ. ಅಂಚು ಎಲ್ಲ ದಿಕ್ಕಿಗೂ ತಿರುಗಿರುವುದರಿಂದ ಸೂರ್ಯ ಎಲ್ಲಿದ್ದರೂ ಅದರ ಒಂದು ಬಿಂದು ಅವನನ್ನು ಹಿಡಿಯುತ್ತದೆ.

ವಿದ್ಯಾನಗರ ವಿದ್ಯಾರ್ಥಿ

ಫೆಬ್ರುವರಿಯ ಎರಡನೆಯ ವಾರ ಸಂಜೆ ನಾಲ್ಕಕ್ಕೆ ಹುಬ್ಬಳ್ಳಿಯಲ್ಲಿ ಸೂರ್ಯ ದಿಗಂತದಿಂದ ಸುಮಾರು 34 ಡಿಗ್ರಿ ಮೇಲಿರುತ್ತಾನೆ. ಆದ್ದರಿಂದ ಈ ಫೋಟೊದಲ್ಲಿ ಗಾಜಿನ ಮೇಲೆ ಹೊಳಪು ಇರಬಾರದು ಎಂಬುದು ಸರಿ. ಆದರೆ ಗದ್ದವನ್ನು ಇನ್ನೂ ಮೂರ್ನಾಲ್ಕು ಡಿಗ್ರಿ ಹೆಚ್ಚು ಎತ್ತಿದ್ದರೆ ಮೇಲಿನ ಅಂಚಿನಲ್ಲಿ ಬಂದರೂ ಬರಬಹುದು. ಒಂದು ಡಿಗ್ರಿ ಎತ್ತಿದರೆ ಬಿಂಬ ಎರಡು ಡಿಗ್ರಿ ಸರಿಯುತ್ತದೆ.

ಹಾವೇರಿ ಡಿಸೈನ್

ಎರಡು ಗಾಜಿನ ಮಾತನ್ನು ಒಪ್ಪಿದೆ, ನನ್ನ ಹಳೆಯ ಬ್ಯಾನರುಗಳನ್ನು ಈಗ ತೆಗೆದು ನೋಡಿದರೆ ನನಗೇ ನಗು ಬರುತ್ತಿದೆ. ಆದರೆ ನೆರಳಿನ ವಿಷಯದಲ್ಲಿ ನಾನು ಹಿಂದೆ ಸರಿಯುವುದಿಲ್ಲ. ಕೆನ್ನೆ ಎಂದರೆ ಮೆತ್ತನೆಯ ಚರ್ಮ, ಅದರ ಮೇಲೆ ಚೂರಿಯಿಂದ ಕೊಯ್ದಂತಹ ನೆರಳು ಬೀಳುವುದನ್ನು ನಾನೆಂದೂ ಕಂಡಿಲ್ಲ.

ಗದಗ ಸ್ಟುಡಿಯೊ

ಕಂಡಿದ್ದೀರಿ, ಲಕ್ಷ್ಯ ಕೊಟ್ಟಿಲ್ಲ. ನಾಳೆ ಮಧ್ಯಾಹ್ನ ಬಿಸಿಲಿನಲ್ಲಿ ಒಂದು ಪೆನ್ನನ್ನು ಅಂಗೈಯಿಂದ ಒಂದು ಸೆಂಟಿಮೀಟರ್ ಎತ್ತರದಲ್ಲಿ ಹಿಡಿದು ನೋಡಿರಿ. ನಂತರ ಅದನ್ನೇ ಅರ್ಧ ಮೀಟರ್ ಮೇಲಕ್ಕೆತ್ತಿ ನೋಡಿರಿ. ನೆರಳು ಮಸುಕಾಗುವುದು ನೆರಳು ಮಾಡುವ ವಸ್ತು ಮತ್ತು ನೆರಳು ಬೀಳುವ ಜಾಗದ ನಡುವಿನ ಅಂತರದಿಂದ. ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ ಅಗಲ ಕಾಣುತ್ತಾನೆ. ಹೀಗಾಗಿ ಅಂಚಿನ ಮಸುಕು ಆ ಅಂತರದ ನೂರರಲ್ಲಿ ಒಂದು ಭಾಗ ಮಾತ್ರ. ಕನ್ನಡಕದ ಕೆಳ ಅಂಚು ಕೆನ್ನೆಯಿಂದ ಎಂಟು ಮಿಲಿಮೀಟರ್ ದೂರದಲ್ಲಿದ್ದರೆ ಮಸುಕು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗವೂ ಆಗುವುದಿಲ್ಲ.

ಆದರೂ ನಿಮ್ಮದು ಅರ್ಧ ಸರಿ ಎಂದೆನಲ್ಲ, ಅದು ಚರ್ಮದ ಮಾತಿಗೆ. ಬಿಸಿಲು ಚರ್ಮದೊಳಗೆ ಒಂದಿಷ್ಟು ಇಳಿದು, ಹರಡಿ, ನೆರಳಿನ ಅಂಚಿನೊಳಗೆ ಸೋರುತ್ತದೆ. ಕೆಂಪು ಬೆಳಕು ಹೆಚ್ಚು ದೂರ ಸೋರುವುದರಿಂದ ಅಂಚು ತುಸು ಕೆಂಪಗೆ ಕಾಣುತ್ತದೆ. ಅದೆಷ್ಟು ಎಂದು ಊಹಿಸುವ ಅಗತ್ಯವಿಲ್ಲ. ಅದೇ ಮುಖದ ಮೇಲೆ ಮೂಗಿನ ನೆರಳಿದೆ. ಅದರ ಅಂಚು ಬೆಳಕಿನಿಂದ ಕತ್ತಲಿಗೆ ಬದಲಾಗಲು ಎಷ್ಟು ಪಿಕ್ಸೆಲ್ ತೆಗೆದುಕೊಂಡಿದೆ ಎಂದು ಎಣಿಸಿ ಅಷ್ಟೇ ಮಸುಕು ಕೊಡಿರಿ. ಮೋಡ ಕವಿದ ದಿನದ ಫೋಟೊ ಆಗಿದ್ದರೆ ಮಾತೇ ಬೇರೆ. ಆಗ ಕೆನ್ನೆಯ ಮೇಲೆ ಆಕಾರವಿರುವ ನೆರಳೇ ಇರುವುದಿಲ್ಲ, ಫ್ರೇಮಿನ ಅಡಿಗೆ ಮಬ್ಬು ಮಾತ್ರ.

ಹುಬ್ಬಳ್ಳಿ ಫ್ಲೆಕ್ಸ್

ಎಣಿಸಿದೆ, ಐದು ಪಿಕ್ಸೆಲ್. ಕಣ್ಣಿನ ಬಿಲ್ಲೆ 94 ಪಿಕ್ಸೆಲ್ ಇದೆ, ಎಂದರೆ ಒಂದು ಮಿಲಿಮೀಟರಿಗೆ ಎಂಟು ಪಿಕ್ಸೆಲ್. ಆ ಲೆಕ್ಕದಲ್ಲಿ ಒಂದು ಗಾಜು 440 ಪಿಕ್ಸೆಲ್ ಆಗಬೇಕು. ನಾನು 560 ಇಟ್ಟಿದ್ದೆ! ಈಗ ನೆರಳನ್ನು ಎಷ್ಟು ಸರಿಸಬೇಕು ಎಂಬುದನ್ನೂ ಹೀಗೆಯೇ ಅಳೆದು ತಿಳಿಯಲು ಸಾಧ್ಯವೇ?

ಗದಗ ಸ್ಟುಡಿಯೊ

ಸಾಧ್ಯ, ಅದಕ್ಕೂ ಮೂಗೇ ಸಾಕ್ಷಿ. ಮೂಗಿನ ತುದಿಯಿಂದ ಅದರ ನೆರಳಿನ ತುದಿಗೆ ಒಂದು ಗೆರೆ ಎಳೆಯಿರಿ. ನೆರಳಿನ ದಿಕ್ಕು ಅದೇ. ಉದ್ದಕ್ಕೆ ತ್ರೈರಾಶಿ ಹಾಕಬೇಕು. ಮೂಗಿನ ತುದಿ ಕೆನ್ನೆಯ ಮಟ್ಟದಿಂದ 24 ಮಿಲಿಮೀಟರ್ ಮುಂದಿದ್ದು, ಕನ್ನಡಕದ ಕೆಳ ಅಂಚು ಎಂಟು ಮಿಲಿಮೀಟರ್ ಮುಂದಿದ್ದರೆ, ಕನ್ನಡಕದ ನೆರಳು ಮೂಗಿನ ನೆರಳಿನ ಮೂರನೆಯ ಒಂದು ಭಾಗದಷ್ಟು ಸರಿಯುತ್ತದೆ. ಗಿರಾಕಿ ಹೇಗೂ ಬರುವವರಿದ್ದಾರೆ, ಸ್ಕೇಲು ಹಿಡಿದು ಎರಡನ್ನೂ ಅಳೆದುಬಿಡಿರಿ. ಸೂರ್ಯನ ಕೋನ ಎಷ್ಟೇ ಇರಲಿ, ಗದ್ದ ಎಷ್ಟೇ ಎತ್ತಿರಲಿ, ಎರಡಕ್ಕೂ ಅದು ಒಂದೇ ಆದ್ದರಿಂದ ಬೇರೆ ಲೆಕ್ಕ ಬೇಡ.

ಧಾರವಾಡ ಚಸ್ಮಾ

ಒಂದು ತಿದ್ದುಪಡಿ ಮಾಡಬೇಕಾಗಿದೆ. ಕನ್ನಡಕ ಮತ್ತು ಮುಖದ ನಡುವಿನ ಅಂತರ ಎಲ್ಲ ಕಡೆ ಒಂದೇ ಇರುವುದಿಲ್ಲ. ಮೂಗಿನ ಮೇಲೆ ಅದು ತಾಗಿಕೊಂಡೇ ಇರುತ್ತದೆ, ಕಣ್ಣಿನ ಗುಳಿಯ ಬಳಿ ಹೆಚ್ಚು, ಕೆನ್ನೆಯ ಉಬ್ಬಿನ ಬಳಿ ಕಡಿಮೆ. ನಗುವಾಗ ಕೆನ್ನೆ ಮೇಲೇರಿ ಫ್ರೇಮಿಗೆ ತಾಗುವವರೂ ಇದ್ದಾರೆ, ಅಂತಹ ಗಿರಾಕಿಗಳಿಗೆ ನಾವು ಮೂಗಿನ ಗುಂಡಿಗಳನ್ನು ಬಗ್ಗಿಸಿ ಫ್ರೇಮು ಎತ್ತಿಕೊಡುತ್ತೇವೆ. ನಿಮ್ಮವರು ಫೋಟೊದಲ್ಲಿ ನಗುತ್ತಿದ್ದಾರೆಯೇ?

ಗದಗ ಸ್ಟುಡಿಯೊ

ಅಕ್ಕಾವರ ಮಾತು ನಿಜ, ನಾನು ಅದನ್ನು ಬಿಟ್ಟಿದ್ದೆ. ಆದ್ದರಿಂದ ನೆರಳಿನ ಆಕಾರವನ್ನು ಇಡಿಯಾಗಿ ಸರಿಸಿದ ಮೇಲೆ Warp ಬಳಸಿ, ಮೂಗಿನ ಕಡೆಯ ಅಂಚನ್ನು ಫ್ರೇಮಿಗೇ ತಂದು ಕೂಡಿಸಬೇಕು. ಹಾಗೆ ಕೂಡಿಸದೆ ಬಿಟ್ಟರೆ ಕನ್ನಡಕ ಮುಖದ ಮುಂದೆ ತೇಲುತ್ತಿರುವಂತೆ ಕಾಣುತ್ತದೆ. ಇವರ ಮೊದಲ ಚಿತ್ರದಲ್ಲಿ ಆಗಿದ್ದೂ ಅದೇ ಇರಬೇಕು. Drop Shadow ನೆರಳನ್ನು ಎಲ್ಲ ಕಡೆಗೂ ಒಂದೇ ಅಂತರದಲ್ಲಿ ಬೀಳಿಸುತ್ತದೆ, ಗೋಡೆಗೆ ತೂಗುಹಾಕಿದ ಪಟಕ್ಕೆ ಅದು ಸರಿ.

ಬಣ್ಣಕ್ಕೆ ಕಪ್ಪು ಬಳಸಬೇಡಿರಿ. ಬಿಸಿಲು ಬಿದ್ದ ಕೆನ್ನೆಯ ಬಣ್ಣ ಒಂದು, ಪಕ್ಕದಲ್ಲಿಯೇ ಮೂಗಿನ ನೆರಳು ಬಿದ್ದ ಕೆನ್ನೆಯ ಬಣ್ಣ ಇನ್ನೊಂದು, ಇವೆರಡರ ಅಂಕೆಗಳನ್ನು ಕೊಡಿರಿ.

ಹುಬ್ಬಳ್ಳಿ ಫ್ಲೆಕ್ಸ್

ನಗುತ್ತಿಲ್ಲ ಅಕ್ಕಾವರೇ, ಗಂಭೀರವಾಗಿದ್ದಾರೆ. ಸ್ಕೇಲಿನಲ್ಲಿ ಅಳೆದಾಗ ಮೂಗು 24, ಫ್ರೇಮಿನ ಅಂತರ ಎಂಟೇ ಬಂದಿತು. ಗದಗದವರ ಊಹೆ ಅಷ್ಟು ನಿಖರವಾಗಿದ್ದುದು ಆಶ್ಚರ್ಯ. ಮೂಗಿನ ನೆರಳು ಬಲಕ್ಕೆ 111, ಕೆಳಕ್ಕೆ 150 ಪಿಕ್ಸೆಲ್ ಇದೆ. ಆದ್ದರಿಂದ ಕನ್ನಡಕದ ನೆರಳನ್ನು ಬಲಕ್ಕೆ 37, ಕೆಳಕ್ಕೆ 50 ಸರಿಸಿದ್ದೇನೆ. ಬಿಸಿಲಿನ ಕೆನ್ನೆ 196, 148, 118. ನೆರಳಿನ ಕೆನ್ನೆ 112, 78, 64.

ಗದಗ ಸ್ಟುಡಿಯೊ

ನೆರಳಿನ ಅಂಕೆಯನ್ನು ಬಿಸಿಲಿನ ಅಂಕೆಯಿಂದ ಭಾಗಿಸಿ 255ರಿಂದ ಗುಣಿಸಿರಿ. 146, 134, 138 ಬರುತ್ತದೆ. ಈ ಬಣ್ಣವನ್ನು ನೆರಳಿನ ಆಕಾರಕ್ಕೆ ತುಂಬಿ ಲೇಯರನ್ನು Multiply ಮಾಡಿದರೆ, ಕೆನ್ನೆಯ ಮೇಲೆ ಮೂಗಿನ ನೆರಳಿನದೇ ಬಣ್ಣ ಬೀಳುತ್ತದೆ. ಇದು ಫ್ರೇಮಿನ ನೆರಳಿಗೆ. ಗಾಜಿನ ನೆರಳು ಇದಕ್ಕಿಂತ ತುಸು ತಿಳಿಯಾಗಿರಬೇಕು, ಏಕೆಂದರೆ ಕಪ್ಪು ಗಾಜು ಕೂಡ ಒಂದಿಷ್ಟು ಬಿಸಿಲನ್ನು ಒಳಗೆ ಬಿಡುತ್ತದೆ. ಎಷ್ಟೆಂದು ಅಕ್ಕಾವರು ಹೇಳಲಿ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಬಲಗಡೆಯ ಕೆನ್ನೆಯ ಮೇಲೆ ಮೂಗಿನ ನೆರಳು ಈಗಾಗಲೇ ಇದೆ. ಕನ್ನಡಕದ ನೆರಳು ಅದರ ಮೇಲೆ ಹಾಯುವ ಕಡೆ ಇನ್ನಷ್ಟು ಕಪ್ಪಾಗಬಾರದು. ಸೂರ್ಯ ಒಬ್ಬನೇ, ಮೂಗು ಅವನನ್ನು ಒಮ್ಮೆ ಮರೆಮಾಡಿದ ಮೇಲೆ ಕನ್ನಡಕ ಮರೆಮಾಡಲು ಉಳಿದಿರುವುದು ಏನೂ ಇಲ್ಲ. ಆ ಭಾಗವನ್ನು ಮಾಸ್ಕಿನಲ್ಲಿ ಪೂರ್ತಿ ಅಳಿಸಿ, ಎರಡು ನೆರಳುಗಳೂ ಒಂದೇ ಕಲೆಯಾಗಿ ಕೂಡುವಂತೆ ಮಾಡಿರಿ.

ಧಾರವಾಡ ಚಸ್ಮಾ

ಸಾಮಾನ್ಯ ಬಿಸಿಲಿನ ಕಪ್ಪು ಕನ್ನಡಕಗಳು ಮೂರನೆಯ ದರ್ಜೆಯವು, 8ರಿಂದ 18 ಪ್ರತಿಶತ ಬೆಳಕನ್ನು ಬಿಡುತ್ತವೆ. ಹದಿನೈದು ಎಂದು ಹಿಡಿಯಬಹುದು. ಗಿರಾಕಿಯ ಗಾಜು ಕಂದು ಬಣ್ಣದ್ದಾಗಿದ್ದರೆ ನೆರಳೂ ಕಂದು ಛಾಯೆ ಪಡೆಯುತ್ತದೆ ಎಂಬುದನ್ನು ಮರೆಯಬೇಡಿರಿ.

ವಿದ್ಯಾನಗರ ವಿದ್ಯಾರ್ಥಿ

ಹದಿನೈದು ಪ್ರತಿಶತವೆಂದರೆ ಗಾಜಿನ ನೆರಳಿನ Multiply ಬಣ್ಣ ಫ್ರೇಮಿನದಕ್ಕಿಂತ ಇಪ್ಪತ್ತರಿಂದ ಇಪ್ಪತ್ತೈದು ಅಂಕೆ ಹೆಚ್ಚು ತಿಳಿಯಾಗುತ್ತದೆ. ಇನ್ನೊಂದು ವಿಷಯ: ಗಾಜಿನ ಹಿಂದಿನ ಕಣ್ಣು ಕಾಣಬೇಕಾದರೆ ಬೆಳಕು ಒಳಹೋಗುವಾಗ ಒಮ್ಮೆ, ಹೊರಬರುವಾಗ ಇನ್ನೊಮ್ಮೆ ಗಾಜನ್ನು ದಾಟಬೇಕು. ಉಳಿಯುವುದು ನೂರಕ್ಕೆ ಎರಡು ಭಾಗ. ಆದ್ದರಿಂದ ಗಾಜಿನ ಹಿಂದೆ ಕಣ್ಣುಗಳನ್ನು ಉಳಿಸುವ ಅಗತ್ಯವೇ ಇಲ್ಲ.

ಬಿಂಬದ ಪ್ರಖರತೆಗೂ ಒಂದು ಅಂಕೆ ಇದೆ. ಕನ್ನಡಿಯ ಲೇಪವಿಲ್ಲದ ಗಾಜಿನ ಮೇಲ್ಮೈ ನೇರವಾಗಿ ಬಿದ್ದ ಬೆಳಕಿನಲ್ಲಿ ನಾಲ್ಕು ಪ್ರತಿಶತವನ್ನು ಮಾತ್ರ ಹಿಂದಿರುಗಿಸುತ್ತದೆ. ಪರದೆಯ ಅಂಕೆಗಳಲ್ಲಿ ಹೇಳುವುದಾದರೆ 255ರ ಬಿಳಿ ಆಕಾಶ 56 ಆಗುತ್ತದೆ, 128ರ ಬೂದು ನೆಲ 23 ಆಗುತ್ತದೆ. ಪ್ರಶ್ನೆ ಕೇಳಿದವರು ಐವತ್ತು ಪ್ರತಿಶತ ಇಟ್ಟಿದ್ದರು.

ಹಾವೇರಿ ಡಿಸೈನ್

56 ಎಂದರೆ ಕಾಡಿಗೆ. ಫ್ಲೆಕ್ಸಿನ ಮೇಲೆ ಅದು ಕಾಣುವುದೇ ಇಲ್ಲ ತಮ್ಮಾ. ಪರದೆ ಬೇರೆ, ಶಾಯಿ ಬೇರೆ.

ಗದಗ ಸ್ಟುಡಿಯೊ

ಈ ಮಾತಿನಲ್ಲಿ ಹಾವೇರಿಯವರು ಸರಿಯಿರಬಹುದು. ಅಲ್ಲದೆ ಫೋಟೊದಲ್ಲಿ 255 ಆಗಿರುವ ಆಕಾಶ ನಿಜದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಬೆಳಗುತ್ತಿರುತ್ತದೆ, ಕ್ಯಾಮೆರಾ ಅಲ್ಲಿಗೆ ಕೈಬಿಟ್ಟಿರುತ್ತದೆ. ಆದ್ದರಿಂದ 56 ಎಂಬುದು ಕನಿಷ್ಠ. ಮೊಬೈಲಿನಲ್ಲಿ ಆಕಾಶ ಸುಟ್ಟುಹೋಗದಂತೆ ಕಡಿಮೆ ಬೆಳಕಿನಲ್ಲಿ ತೆಗೆದುಕೊಂಡರೆ ಒಳ್ಳೆಯದು.

ಮಾಡುವ ವಿಧಾನ ಇದು. ತಿರುವಿದ ಫೋಟೊಗೆ Spherize ಕೊಟ್ಟು ಅಂಚುಗಳನ್ನು ಹದಿನೈದು ಪ್ರತಿಶತದಷ್ಟು ಒತ್ತಿರಿ, ದಾರಿಯ ನೇರ ಗೆರೆಗಳು ತುಸು ಬಿಲ್ಲಿನಂತೆ ಬಾಗಬೇಕು. Curves ತೆರೆದು ಮೇಲಿನ ಬಲತುದಿಯನ್ನು 255ರಿಂದ ಕೆಳಗೆಳೆಯಿರಿ. ಲೇಯರನ್ನು Screen ಮಾಡಿರಿ, ಕೆಳಗಿನ ಗಾಜು ಕಡುಕಪ್ಪಾಗಿರಲಿ. Normal ಇಟ್ಟು ಅಪಾರದರ್ಶಕತೆ ಇಳಿಸಿದರೆ ನೆಲದ ಕಪ್ಪು ಕೂಡ ಗಾಜಿನ ಮೇಲೆ ಹೊಗೆಯಂತೆ ಕೂರುತ್ತದೆ. 56ರಲ್ಲಿ ಒಂದು, ನೂರರ ಆಸುಪಾಸಿನಲ್ಲಿ ಒಂದು, ಹೀಗೆ ಎರಡು ಮಾಡಿ ಒಂದೊಂದು ಅಡಿಯ ತುಂಡನ್ನು ಫ್ಲೆಕ್ಸಿನ ಮೇಲೆಯೇ ಮುದ್ರಿಸಿ ನೋಡಿರಿ.

ಹುಬ್ಬಳ್ಳಿ ಫ್ಲೆಕ್ಸ್

ನಿನ್ನೆ ಉಣಕಲ್ಲಿಗೆ ಹೋಗಿ ಎರಡೂ ಫೋಟೊ ತೆಗೆದು ತಂದೆ. ಬೆಳಿಗ್ಗೆ ಮುದ್ರಿಸಿದೆ. 56ರ ತುಂಡಿನಲ್ಲಿ ಗಾಜು ಪೂರ್ತಿ ಕಪ್ಪು, ಹತ್ತಿರ ಹೋಗಿ ಓರೆಯಾಗಿ ನೋಡಿದರೆ ಮಾತ್ರ ಏನೋ ಇದೆ ಎನಿಸುತ್ತದೆ. 97ರಲ್ಲಿ ಆಕಾಶ, ಗಿಡದ ಗೆರೆ, ನಡುವೆ ನಿಂತವನ ಆಕಾರ ಮೂರೂ ಕಾಣುತ್ತವೆ. ಅಂಗಡಿಯ ಹುಡುಗರಿಗೆ ಏನೂ ಹೇಳದೆ ತೋರಿಸಿದೆ, ಕನ್ನಡಕ ಹಾಕಿಯೇ ತೆಗೆದ ಫೋಟೊ ಎಂದುಕೊಂಡರು. ಕೆನ್ನೆಯ ಮೇಲೆ ನೆರಳಿನ ಬಹುಭಾಗ ಗಾಜಿನ ಹಿಂದೆಯೇ ಅಡಗಿ, ಫ್ರೇಮಿನ ಕೆಳಗೆ ಆರು ಮಿಲಿಮೀಟರಿನ ಒಂದು ಪಟ್ಟಿ ಮಾತ್ರ ಕಾಣುತ್ತಿದೆ. ಇಷ್ಟು ಕಡಿಮೆ ಸಾಕೇ ಎಂದು ಮೊದಲು ಅನುಮಾನವಾಗಿತ್ತು.

ಈಗ ಎರಡು ತೊಡಕು ಉಳಿದಿವೆ. ಕಡ್ಡಿಯ ನೆರಳು ಕಿವಿಯ ಕಡೆಗೆ ಹೋಗುವಲ್ಲಿ ಕೂದಲಿದೆ, ಅಲ್ಲಿ ಆ Multiply ಬಣ್ಣ ಹೊಂದುತ್ತಿಲ್ಲ, ನೇರಳೆಯಂತೆ ಕಾಣುತ್ತಿದೆ. ಇನ್ನೊಂದು, ಗಿರಾಕಿ ಪರದೆಯ ಮೇಲೆ ನೋಡಿದವರೇ ಗಾಜಿನೊಳಗೆ ನಿಂತವನು ಯಾರು ಎಂದು ಕೇಳಿದರು. ನಿಮ್ಮ ಅಳಿಯನ ಜಾಗದಲ್ಲಿ ನಿಂತ ನಮ್ಮ ಹುಡುಗ ಎಂದೆ. ಅವನನ್ನು ತೆಗೆದು ಪುತ್ಥಳಿಯನ್ನೇ ಇಡಿರಿ ಎನ್ನುತ್ತಿದ್ದಾರೆ.

ಹಾವೇರಿ ಡಿಸೈನ್

ಹಣ ಕೊಡುವವರು ಅವರು. ಇಟ್ಟುಬಿಡಿರಿ.

ಗದಗ ಸ್ಟುಡಿಯೊ

ಪುತ್ಥಳಿ ಬ್ಯಾನರಿನ ಹಿನ್ನೆಲೆಯಲ್ಲಿಯೂ ಇದೆ, ಗಾಜಿನಲ್ಲಿಯೂ ಬಂದರೆ ಕೆರೆಯ ಎರಡೂ ಕಡೆ ಒಂದೊಂದು ಪುತ್ಥಳಿ ನಿಲ್ಲಿಸಿದಂತಾಗುತ್ತದೆ ಎಂದು ಅವರಿಗೆ ತೋರಿಸಿ ಹೇಳಿ ನೋಡಿರಿ. ಒಪ್ಪದಿದ್ದರೆ ಆ ಮನುಷ್ಯನನ್ನು ಅಳಿಸಿ ಗಿಡಗಳ ಸಾಲನ್ನು ಮುಂದುವರಿಸಿರಿ, ಅವನಿಲ್ಲದಿದ್ದರೂ ಚಿತ್ರ ಕೆಡುವುದಿಲ್ಲ. ಕೂದಲಿನ ಮೇಲೆ ಕೆನ್ನೆಯ ಅಂಕೆ ಬಳಸಬಾರದು. ಬಿಸಿಲಿನ ಕೂದಲು, ನೆರಳಿನ ಕೂದಲು ಎರಡರಿಂದ ಬೇರೆಯೇ ಭಾಗಾಕಾರ ಮಾಡಬೇಕು. ಕಿವಿಯ ಹಿಂದೆ ನೆರಳಿನ ಕೂದಲು ಸಿಗುತ್ತದೆ.

ಧಾರವಾಡ ಚಸ್ಮಾ

ಕಡ್ಡಿ ಕೂದಲಿನ ಮೇಲೆ ಹೋಗಿದೆಯೋ ಒಳಗೆ ಹೋಗಿದೆಯೋ ಅದನ್ನೂ ನೋಡಿಕೊಳ್ಳಿರಿ. ಕೆಲವು ಗಂಡಸರ ಕೂದಲು ಕಿವಿಯ ಬಳಿ ಕಡ್ಡಿಯ ಮೇಲೆ ಬರುತ್ತದೆ, ಹಾಗಿದ್ದರೆ ಅಲ್ಲಿ ನೆರಳೇ ಬೇಡ.

ಹುಬ್ಬಳ್ಳಿ ಫ್ಲೆಕ್ಸ್

ಗಿರಾಕಿಯ ಕೂದಲು ಕಡ್ಡಿಯ ಮೇಲೆಯೇ ಬರುತ್ತದೆ, ಈಗ ಅವರು ಅಂಗಡಿಯಲ್ಲಿಯೇ ಕುಳಿತಿದ್ದಾರೆ, ನೋಡಿದೆ. ಆ ನೆರಳನ್ನು ತೆಗೆದುಬಿಟ್ಟೆ. ಪುತ್ಥಳಿಯ ಮಾತು ಇನ್ನೂ ನಡೆದಿದೆ.